ಮನೆಯಲ್ಲಿ ಕಾಣುವ ಕ್ಯಾಮೆರಾ ಊರು ದಾಟಿದ ಮೇಲೆ ಏಕೆ ಕಾಣುವುದಿಲ್ಲ?

ಪ್ರಶ್ನೆ: ಆರು ತಿಂಗಳ ಹಿಂದೆ ಮನೆಗೆ ನಾಲ್ಕು ಸಿಸಿಟಿವಿ ಕ್ಯಾಮೆರಾ ಮತ್ತು ಒಂದು ಡಿವಿಆರ್ ಹಾಕಿಸಿದೆವು. ಹಾಕಲು ಬಂದ ಹುಡುಗ ಟಿವಿಯಲ್ಲಿ ಬಂದ ಕ್ಯೂಆರ್ ಕೋಡನ್ನು ನನ್ನ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಕೊಟ್ಟು ಹೋದ. ಮನೆಯಲ್ಲಿ ಕೂತು ನೋಡಿದರೆ ನಾಲ್ಕೂ ಚೆನ್ನಾಗಿ ಕಾಣುತ್ತವೆ. ಬೇರೆ ಊರಿಗೆ ಹೋದರೆ ಒಂದೂ ಬರುವುದಿಲ್ಲ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಹೊರಗೆ ಹೋದಾಗ ಮತ್ತೆ ಸ್ಕ್ಯಾನ್ ಮಾಡಬೇಕೇ? ಮಗನ ಮೊಬೈಲಿನಲ್ಲೂ ಬರುವಂತೆ ಮಾಡುವುದು ಹೇಗೆ?

ಉತ್ತರ: ಮತ್ತೆ ಸ್ಕ್ಯಾನ್ ಮಾಡುವ ಅಗತ್ಯವಿಲ್ಲ. ಸರಿಯಾದ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿದ್ದರೆ ಅದು ಶಿವಮೊಗ್ಗದಲ್ಲೂ ನಡೆಯಬೇಕು, ಶಾರ್ಜಾದಲ್ಲೂ ನಡೆಯಬೇಕು. ನಿಮ್ಮಲ್ಲಿ ನಡೆಯುತ್ತಿಲ್ಲವೆಂದರೆ, ಆ ದಿನ ಸ್ಕ್ಯಾನ್ ಮಾಡಿದ್ದು ಯಾವ ಕೋಡು ಎಂಬ ಅನುಮಾನವೇ ನನಗೆ ಮೊದಲು ಬರುತ್ತದೆ.

ಡಿವಿಆರ್‌ನ ಮೆನುವಿನಲ್ಲಿ ಮೊಬೈಲ್ ಸಂಪರ್ಕದ ಪುಟವನ್ನು ತೆರೆದರೆ ಅನೇಕ ಕಂಪನಿಗಳ ಯಂತ್ರಗಳಲ್ಲಿ ಒಂದಲ್ಲ, ಎರಡು ಅಥವಾ ಮೂರು ಕ್ಯೂಆರ್ ಕೋಡುಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಅವುಗಳಲ್ಲಿ ಆ್ಯಂಡ್ರಾಯ್ಡ್ ಮತ್ತು ಐಫೋನ್‌ಗೆ ಬೇಕಾದ ಆ್ಯಪ್ ಇಳಿಸಿಕೊಳ್ಳಲು ಇರುವವು ಬೇರೆ, ಯಂತ್ರದ ಗುರುತನ್ನು ಹೊತ್ತಿರುವುದು ಬೇರೆ. ಮೊದಲ ಬಗೆಯದನ್ನು ಸ್ಕ್ಯಾನ್ ಮಾಡಿದರೆ ಆ್ಯಪ್ ಸಿಗುವ ಪುಟ ತೆರೆದುಕೊಳ್ಳುತ್ತದೆ, ಅಷ್ಟೇ. ನಿಮ್ಮ ಮನೆಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದರ ಬಳಿ ಸಾಮಾನ್ಯವಾಗಿ SN ಅಥವಾ Device SN ಎಂದು ಬರೆದಿರುತ್ತದೆ, ಅದನ್ನು ಆ್ಯಪ್‌ನ ಒಳಗಿನಿಂದಲೇ ಸ್ಕ್ಯಾನ್ ಮಾಡಬೇಕು. ಇದೇ ಕೋಡು ಡಿವಿಆರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯ ಮೇಲೂ ಇರುತ್ತದೆ. ನೋಡುತ್ತಿದ್ದವರಿಗೆ ಎರಡೂ 'ಸ್ಕ್ಯಾನ್ ಮಾಡಿದ' ಹಾಗೆಯೇ ಕಾಣುವುದರಿಂದ ಗೊಂದಲ ಸಹಜ.

ಆ ಎರಡನೆಯ ಕೋಡಿನಲ್ಲಿ ಚಿತ್ರವಿಲ್ಲ, ನಿಮ್ಮ ವೈಫೈ ಪಾಸ್‌ವರ್ಡ್ ಇಲ್ಲ, ಮನೆಯ ಇಂಟರ್ನೆಟ್ ವಿಳಾಸವೂ ಇಲ್ಲ. ಇರುವುದು ಮುಖ್ಯವಾಗಿ ಯಂತ್ರದ ಕ್ರಮಸಂಖ್ಯೆ. ಕೆಲವು ಕಂಪನಿಗಳು ಅದರ ಜೊತೆಗೆ ಮಾದರಿಯ ಹೆಸರನ್ನೂ ಒಂದು ಪರಿಶೀಲನಾ ಸಂಕೇತವನ್ನೂ ಸೇರಿಸುತ್ತವೆ. ಕೈಯಿಂದ ಆ ಕ್ರಮಸಂಖ್ಯೆಯನ್ನು ಟೈಪ್ ಮಾಡಿದರೂ ಕೆಲಸ ಅದೇ ಆಗುತ್ತದೆ, ಸ್ಕ್ಯಾನ್ ಮಾಡಿದರೆ ಅಕ್ಷರ ತಪ್ಪುವುದಿಲ್ಲ ಎಂಬುದಷ್ಟೇ ಅನುಕೂಲ. (ಬಲ್ಬಿನಂತೆಯೋ ಗುಂಡಗೆಯೋ ಇರುವ ಬಿಡಿ ವೈಫೈ ಕ್ಯಾಮೆರಾಗಳಲ್ಲಿ ಕೆಲವೊಮ್ಮೆ ಇದು ತಿರುಗುಮುರುಗಾಗುತ್ತದೆ: ಮೊಬೈಲಿನ ಪರದೆಯ ಮೇಲೆ ಕೋಡು ಮೂಡುತ್ತದೆ, ಅದನ್ನು ಕ್ಯಾಮೆರಾದ ಮುಂದೆ ಹಿಡಿಯಬೇಕು, ಆಗ ಕ್ಯಾಮೆರಾ ಅದನ್ನು ಓದಿಕೊಳ್ಳುತ್ತದೆ. ಆ ಕೋಡಿನಲ್ಲಿ ಇರುವುದು ನಿಮ್ಮ ವೈಫೈ ಹೆಸರು ಮತ್ತು ಪಾಸ್‌ವರ್ಡ್. ನಿಮ್ಮದು ಆ ಜಾತಿಯದಲ್ಲ.)

ಹೀಗೆ ಗುರುತು ಮಾತ್ರ ಇರುವಾಗ ಚಿತ್ರ ಮೊಬೈಲಿಗೆ ಬರುವುದು ಹೇಗೆ ಎಂಬುದನ್ನು ತಿಳಿದರೆ ಮನೆಗೂ ಹೊರಗೂ ಇರುವ ವ್ಯತ್ಯಾಸ ತಾನಾಗಿ ಅರ್ಥವಾಗುತ್ತದೆ. ಡಿವಿಆರ್‌ಗೆ ಇಂಟರ್ನೆಟ್ ಸಿಕ್ಕ ಕೂಡಲೇ ಅದು ಕಂಪನಿಯ ಸರ್ವರಿಗೆ ತಾನೇ ಕರೆ ಮಾಡಿ, 'ಈ ಕ್ರಮಸಂಖ್ಯೆಯವನು ಇಲ್ಲಿದ್ದೇನೆ' ಎಂದು ಹೇಳಿ, ಆ ಸಂಪರ್ಕವನ್ನು ಹಗಲುರಾತ್ರಿ ಜೀವಂತವಾಗಿ ಇಟ್ಟುಕೊಳ್ಳುತ್ತದೆ. ನೀವು ಹೊರಗಿನಿಂದ ಆ್ಯಪ್ ತೆರೆದಾಗ ಮೊಬೈಲ್ ಕೂಡ ಅದೇ ಸರ್ವರಿಗೆ ಹೋಗಿ ಆ ಕ್ರಮಸಂಖ್ಯೆಯನ್ನು ಕೇಳುತ್ತದೆ. ಸರ್ವರ್ ಇಬ್ಬರಿಗೂ ಪರಸ್ಪರ ವಿಳಾಸ ಕೊಟ್ಟು ಪರಿಚಯ ಮಾಡಿಸುತ್ತದೆ; ಸಾಧ್ಯವಾದರೆ ನೇರ ಮಾತುಕತೆ, ಆಗದಿದ್ದರೆ ತಾನೇ ನಡುವೆ ನಿಂತು ಚಿತ್ರವನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತದೆ. ಇದಕ್ಕೆ ಯಂತ್ರದ ಮೆನುವಿನಲ್ಲಿ P2P ಎಂದೋ Platform Access ಎಂದೋ ಹೆಸರು.

ಮನೆಯೊಳಗೆ ಇಷ್ಟು ಸುತ್ತು ಬೇಕಿಲ್ಲ. ಮೊಬೈಲ್ ಮತ್ತು ಡಿವಿಆರ್ ಎರಡೂ ಒಂದೇ ರೂಟರಿಗೆ ಸೇರಿದ್ದಾಗ, ಒಂದು ಇನ್ನೊಂದನ್ನು 192.168.1.108 ಎಂಬಂಥ ಒಳವಿಳಾಸದಿಂದ ನೇರವಾಗಿ ಕಾಣಬಹುದು. ಈ ಬಗೆಯ ವಿಳಾಸ ವಠಾರದೊಳಗಿನ ಮನೆ ನಂಬರಿನಂತೆ: ಒಳಗಿರುವವರಿಗೆ ಸಾಕು, ಅಂಚೆಯವನಿಗೆ ಸಾಲದು. ನಿಮ್ಮ ಮನೆಯಲ್ಲಿರುವ 192.168.1.108 ಎಂಬ ವಿಳಾಸವೇ ನೀವು ಹೋದ ನೆಂಟರ ಮನೆಯಲ್ಲಿ ಅವರ ಟಿವಿಯದ್ದಾಗಿರಬಹುದು. ಆದ್ದರಿಂದ ಆ್ಯಪ್‌ನಲ್ಲಿ ಯಂತ್ರವನ್ನು ಕ್ರಮಸಂಖ್ಯೆಯಿಂದ ಸೇರಿಸದೆ ಈ ಒಳವಿಳಾಸದಿಂದ ಸೇರಿಸಿದ್ದರೆ ಮನೆಯಲ್ಲಿ ಸೊಗಸಾಗಿ ಕಾಣುತ್ತದೆ, ಗೇಟು ದಾಟಿದ ಮೇಲೆ ಚಕ್ರ ಸುತ್ತುತ್ತದೆ. ನೀವು ಹೇಳಿದ ಲಕ್ಷಣ ಇದೇ.

ಕಳೆದ ಮಳೆಗಾಲ ತೀರ್ಥಹಳ್ಳಿ ಕಡೆಯ ನನ್ನ ಬಂಧುಗಳ ತೋಟದ ಮನೆಯಲ್ಲಿ ಆದದ್ದೂ ಹೀಗೆಯೇ. ಅವರದ್ದೂ ನಾಲ್ಕು ಕ್ಯಾಮೆರಾ, ಅಡಿಕೆ ಒಣಗಿಸುವ ಅಂಗಳಕ್ಕೆ ಎರಡು, ಮುಂಬಾಗಿಲಿಗೆ ಒಂದು, ಕೊಟ್ಟಿಗೆಗೆ ಒಂದು. ಮನೆಯಲ್ಲಿ ಸರಿ, ಪೇಟೆಗೆ ಇಳಿದರೆ ಇಲ್ಲ. ಮೊದಲು ನಾನು ಆ್ಯಪ್‌ನಲ್ಲಿ ಯಂತ್ರದ ವಿವರದ ಪುಟವನ್ನು ತೆರೆದು ನೋಡಿದೆ: ಅಲ್ಲಿ ಕ್ರಮಸಂಖ್ಯೆ ಇರಬೇಕಾದ ಕಡೆ 192.168.1.108 ಎಂದಿತ್ತು. ಅಳವಡಿಸಿದವರು ಕ್ಯೂಆರ್ ಕೋಡಿನಿಂದ ಆ್ಯಪ್ ಇಳಿಸಿ, ಯಂತ್ರವನ್ನು ಮಾತ್ರ ಒಳವಿಳಾಸದಿಂದ ಸೇರಿಸಿದ್ದರು. ಹಾಗೇಕೆ ಮಾಡಿದರು ಎಂಬುದು ಡಿವಿಆರ್‌ನ ಮೆನುವಿನಲ್ಲಿ Network ಒಳಗಿನ P2P ಪುಟವನ್ನು ತೆರೆದಾಗ ತಿಳಿಯಿತು. ಅಲ್ಲಿ Status ಎದುರಿಗೆ Offline ಎಂದಿತ್ತು. ಅಂದರೆ ಯಂತ್ರ ಕಂಪನಿಯ ಸರ್ವರನ್ನು ಮುಟ್ಟಿಯೇ ಇರಲಿಲ್ಲ. ಕ್ರಮಸಂಖ್ಯೆಯಿಂದ ಸೇರಿಸಲು ಹೋಗಿ ಆಗದಿದ್ದಾಗ, ಕತ್ತಲಾಗುವ ಹೊತ್ತಿಗೆ, ಅವರು ಸುಲಭದ ದಾರಿ ಹಿಡಿದಿದ್ದರು.

ಆದರೆ ಅದೇ ರೂಟರಿನಲ್ಲಿ ಮೊಬೈಲಿಗೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು. ಹಾಗಾದರೆ ಡಿವಿಆರ್‌ಗೆ ಏಕಿಲ್ಲ? ಅದರ ನೆಟ್‌ವರ್ಕ್ ಪುಟದಲ್ಲಿ ವಿಳಾಸಗಳನ್ನು ಕೈಯಿಂದ ತುಂಬಿಸಲಾಗಿತ್ತು, ಮತ್ತು Default Gateway ಎಂಬ ಕಡೆ 192.168.1.1 ಎಂದಿತ್ತು. ಆ ಮನೆಯ ರೂಟರಿನ ವಿಳಾಸವಾದರೋ 192.168.1.254. ಗೇಟ್‌ವೇ ಎಂದರೆ ಮನೆಯಿಂದ ಹೊರಗೆ ಹೋಗುವ ಬಾಗಿಲು. ಒಂದೇ ಜಾಲದೊಳಗಿನ ಎರಡು ಯಂತ್ರಗಳು ಮಾತಾಡಲು ಆ ಬಾಗಿಲು ಬೇಕಾಗಿಯೇ ಇಲ್ಲ, ಹಾಗಾಗಿ ಬಾಗಿಲಿನ ವಿಳಾಸ ತಪ್ಪಿದ್ದರೂ ಜಗಲಿಯಲ್ಲಿ ಕೂತವರ ಮೊಬೈಲಿಗೆ ಚಿತ್ರ ಬರುತ್ತಲೇ ಇತ್ತು. ಈ ಒಂದು ಕಾರಣದಿಂದಲೇ 'ಮನೆಯಲ್ಲಿ ಬರುತ್ತದೆ, ಹಾಗಾಗಿ ಇಂಟರ್ನೆಟ್ ಸರಿಯಿದೆ' ಎಂಬ ತೀರ್ಮಾನ ಮೋಸ ಮಾಡುತ್ತದೆ.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ನೆಟ್‌ವರ್ಕ್ ಪುಟದಲ್ಲಿ DHCP ಎಂಬುದನ್ನು ಆರಿಸಿದರೆ ವಿಳಾಸ, ಗೇಟ್‌ವೇ, DNS ಮೂರನ್ನೂ ರೂಟರೇ ಕೊಡುತ್ತದೆ, ಕೈಯಿಂದ ತುಂಬಿಸುವ ತಪ್ಪಿಗೆ ಅವಕಾಶವಿರುವುದಿಲ್ಲ. ಉಳಿಸಿ ಒಂದೆರಡು ನಿಮಿಷ ಕಾದು P2P ಪುಟಕ್ಕೆ ಮರಳಿದಾಗ Status ಎದುರಿಗೆ Online ಎಂದು ಬಂತು. ಆಮೇಲೆ ಆ್ಯಪ್‌ನಲ್ಲಿದ್ದ ಹಳೆಯ ನಮೂದನ್ನು ಅಳಿಸಿ, ಕೂಡಿಸುವ ಗುರುತನ್ನು ಒತ್ತಿ, SN ಎಂದಿದ್ದ ಕೋಡನ್ನು ಸ್ಕ್ಯಾನ್ ಮಾಡಿ, ಡಿವಿಆರ್‌ನ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟೆವು. ಇನ್ನು ಮುಂದೆ ಡಿವಿಆರ್‌ನ ಒಳವಿಳಾಸ ಬದಲಾದರೂ, ಇಂಟರ್ನೆಟ್ ಕಂಪನಿಯನ್ನೇ ಬದಲಿಸಿದರೂ ಆ್ಯಪ್‌ಗೆ ಚಿಂತೆಯಿಲ್ಲ, ಏಕೆಂದರೆ ಅದು ಹುಡುಕುವುದು ವಿಳಾಸವನ್ನಲ್ಲ, ಕ್ರಮಸಂಖ್ಯೆಯನ್ನು.

ನೀವೂ ಇದೇ ಕ್ರಮದಲ್ಲಿ ನೋಡಿ: ಮೊದಲು ಆ್ಯಪ್‌ನಲ್ಲಿ ಯಂತ್ರದ ವಿವರ, ಆಮೇಲೆ ಡಿವಿಆರ್‌ನ ಸ್ಥಿತಿ, ಆಮೇಲೆ ಗೇಟ್‌ವೇ ಮತ್ತು DNS. ಗೇಟ್‌ವೇ ಸರಿಯಿದ್ದು DNS ಕಡೆ ತಪ್ಪು ವಿಳಾಸವಿದ್ದರೂ Offline ಎಂದೇ ತೋರಿಸಬಹುದು, ಏಕೆಂದರೆ ಸರ್ವರಿನ ಹೆಸರನ್ನು ವಿಳಾಸವಾಗಿ ಬಿಡಿಸಿಕೊಳ್ಳಲು ಅದು ಬೇಕು. ಎಲ್ಲ ಮುಗಿದ ಮೇಲೆ ಪರೀಕ್ಷೆ ಮಾಡಲು ಊರಿಗೆ ಹೋಗಬೇಕಾಗಿಲ್ಲ. ಮನೆಯಲ್ಲೇ ನಿಂತು ಮೊಬೈಲಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಆ್ಯಪ್ ತೆರೆಯಿರಿ; ಆ ಕ್ಷಣ ನಿಮ್ಮ ಮೊಬೈಲ್ ಸೋಫಾದ ಮೇಲಿದ್ದರೂ ಜಾಲದ ಲೆಕ್ಕದಲ್ಲಿ ಊರಾಚೆ ಇದೆ. ಈ ಪರೀಕ್ಷೆಯನ್ನು ಅಳವಡಿಸುವವರು ನಿಮ್ಮೆದುರು ಮಾಡಿ ತೋರಿಸದೆ ಬಾಕಿ ಹಣ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸಂಪರ್ಕ ಸರಿಯಾದ ಮೇಲೂ ಹೊರಗಿನಿಂದ ನೋಡುವಾಗ ಒಂದು ಬದಲಾವಣೆ ಉಳಿದೇ ಇರುತ್ತದೆ, ಅದು ವೇಗದ್ದು. ನೀವು ದೂರದಿಂದ ನೋಡುವಾಗ ಚಿತ್ರವನ್ನು ಕಳುಹಿಸುತ್ತಿರುವುದು ನಿಮ್ಮ ಮನೆ. ಆದ್ದರಿಂದ ಮುಖ್ಯವಾಗುವುದು ಮನೆಯ ಇಂಟರ್ನೆಟ್‌ನ ಅಪ್‌ಲೋಡ್ ವೇಗ. ಸಿನಿಮಾ ನೋಡಲು ಬೇಕಾದ ಡೌನ್‌ಲೋಡ್ ವೇಗ ಇಲ್ಲಿ ಲೆಕ್ಕಕ್ಕಿಲ್ಲ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಪೂರ್ಣ ಗುಣಮಟ್ಟದ ಚಿತ್ರಕ್ಕೆ ಸುಮಾರು 2 ಎಂಬಿಪಿಎಸ್ ಎಂದು ಇಟ್ಟುಕೊಂಡರೆ, ನಾಲ್ಕನ್ನೂ ಹಾಗೆ ನೋಡಲು 8 ಎಂಬಿಪಿಎಸ್ ಬೇಕು. ಫೈಬರ್ ಸಂಪರ್ಕಕ್ಕೆ ಇದು ಕಷ್ಟವಲ್ಲ. ತಾಮ್ರದ ತಂತಿಯ ಹಳೆಯ ಬ್ರಾಡ್‌ಬ್ಯಾಂಡ್‌ಗೆ, ಇಲ್ಲವೇ ಸಂಜೆಯಾದೊಡನೆ ಬಳಲುವ ಹಳ್ಳಿಯ ಸಿಮ್ ರೂಟರಿಗೆ ಇದು ಆಗದ ಮಾತು. ಆಗಲೇ ಚಿತ್ರ ನಿಂತು ನಿಂತು ಬರುವುದು.

ಇದಕ್ಕಾಗಿಯೇ ಪ್ರತಿ ಕ್ಯಾಮೆರಾದಿಂದ ಡಿವಿಆರ್ ಎರಡು ಧಾರೆಗಳನ್ನು ತಯಾರಿಸುತ್ತದೆ. ಹಾರ್ಡ್‌ಡಿಸ್ಕಿಗೆ ಬರೆಯುವ ದಪ್ಪ ಧಾರೆ ಒಂದು, ಮೊಬೈಲಿಗೆ ಕಳುಹಿಸಲೆಂದೇ ಇರುವ ತೆಳು ಧಾರೆ ಇನ್ನೊಂದು. ಮೆನುವಿನಲ್ಲಿ ಇವು Main Stream ಮತ್ತು Sub Stream. ಆ್ಯಪ್‌ನಲ್ಲಿ HD ಮತ್ತು SD ಎಂದು ಕಾಣುವುದು ಸಾಮಾನ್ಯವಾಗಿ ಇವೇ. ತೆಳು ಧಾರೆಯನ್ನು 512 ಕೆಬಿಪಿಎಸ್‌ಗೆ ಇಟ್ಟರೆ ನಾಲ್ಕು ಕ್ಯಾಮೆರಾಗಳಿಗೆ ಒಟ್ಟು 2 ಎಂಬಿಪಿಎಸ್ ಆಯಿತು. ಮೊಬೈಲ್ ಡೇಟಾದ ಖರ್ಚನ್ನೂ ಇದರಿಂದಲೇ ಲೆಕ್ಕ ಹಾಕಬಹುದು: ಒಂದು ಕ್ಯಾಮೆರಾವನ್ನು ತೆಳು ಧಾರೆಯಲ್ಲಿ ಒಂದು ಗಂಟೆ ನೋಡಿದರೆ ಸುಮಾರು 230 ಎಂಬಿ, ದಪ್ಪ ಧಾರೆಯಲ್ಲಿ ಸುಮಾರು 900 ಎಂಬಿ. ನಾಲ್ಕೂ ಚೌಕಗಳನ್ನು ತೆಳುವಾಗಿ ತೆರೆದಿಟ್ಟು ಅನುಮಾನ ಬಂದ ಒಂದನ್ನು ಮಾತ್ರ HD ಮಾಡಿ ನೋಡುವ ಅಭ್ಯಾಸ ಒಳ್ಳೆಯದು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇರುವವರು ನಾಲ್ಕನ್ನೂ ಸುಮ್ಮನೆ ತೆರೆದಿಟ್ಟು ಬಸ್ಸಿನಲ್ಲಿ ನಿದ್ದೆ ಹೋದರೆ, ಇಳಿಯುವ ಹೊತ್ತಿಗೆ ಪ್ಯಾಕ್ ಮುಗಿದಿರುತ್ತದೆ.

ಹಿಂದಿನ ದಿನದ ರೆಕಾರ್ಡಿಂಗ್ ನೋಡುವುದು ಇನ್ನೂ ಭಾರ. ಅದು ಮನೆಯ ಹಾರ್ಡ್‌ಡಿಸ್ಕಿನಲ್ಲೇ ಇದೆ, ಸರ್ವರಿನಲ್ಲಿ ಇಲ್ಲ, ಮತ್ತು ಅನೇಕ ಯಂತ್ರಗಳಲ್ಲಿ ದಪ್ಪ ಧಾರೆಯಾಗಿ ಮಾತ್ರ ಉಳಿದಿರುತ್ತದೆ. ಸರ್ವರ್ ನಡುವೆ ನಿಂತು ದಾಟಿಸುತ್ತಿರುವ ಸಂಪರ್ಕವಾದರೆ ಕೆಲವು ಆ್ಯಪ್‌ಗಳು ಕೆಲ ನಿಮಿಷಗಳಾದ ಮೇಲೆ ಚಿತ್ರವನ್ನು ನಿಲ್ಲಿಸಿ 'ಮುಂದುವರಿಸಲೇ' ಎಂದು ಕೇಳುವುದೂ ಉಂಟು, ಅದು ದೋಷವಲ್ಲ.

ಇಷ್ಟೆಲ್ಲ ಸರಿಯಿದ್ದೂ ಒಂದು ದಿನ ಹೊರಗಿನಿಂದ ಕಾಣದಿದ್ದರೆ ಕರೆಂಟಿನ ಮೇಲೆ ಕಣ್ಣಿಡಿ. ಮನೆಯಲ್ಲಿ ಮೂರು ಕಡೆ ವಿದ್ಯುತ್ ಬೇಕು: ರೂಟರಿಗೆ, ಡಿವಿಆರ್‌ಗೆ, ಮತ್ತು ಕ್ಯಾಮೆರಾಗಳಿಗೆ 12 ವೋಲ್ಟ್ ಕೊಡುವ ಪೆಟ್ಟಿಗೆಗೆ. ಮೂರರಲ್ಲಿ ಯಾವುದು ಹೋಗಿದೆ ಎಂಬುದನ್ನು ದೂರದಿಂದಲೇ ಊಹಿಸಬಹುದು. ಆ್ಯಪ್‌ನಲ್ಲಿ ಯಂತ್ರ ಆನ್‌ಲೈನ್ ಇದ್ದು ನಾಲ್ಕೂ ಚೌಕಗಳು ಕಪ್ಪಾಗಿದ್ದರೆ ಕ್ಯಾಮೆರಾಗಳ ಪೆಟ್ಟಿಗೆ ಆರಿದೆ. ಒಂದು ಚೌಕ ಮಾತ್ರ ಕಪ್ಪಾದರೆ ಆ ಕ್ಯಾಮೆರಾ ಅಥವಾ ಅದರ ತಂತಿಯ ತುದಿ, ಮಳೆಗಾಲದಲ್ಲಿ ಹೆಚ್ಚಾಗಿ ತಂತಿಯ ತುದಿಯೇ. ಯಂತ್ರವೇ ಆಫ್‌ಲೈನ್ ಎಂದರೆ ರೂಟರ್, ಇಂಟರ್ನೆಟ್ ಅಥವಾ ಡಿವಿಆರ್. ಇವುಗಳಲ್ಲಿ ಮೊದಲೆರಡು ಮಾತ್ರ ಹೋಗಿದ್ದರೆ ರೆಕಾರ್ಡಿಂಗ್ ಒಳಗೆ ನಡೆಯುತ್ತಲೇ ಇರುತ್ತದೆ, ನೀವು ನೋಡಲಾರಿರಿ ಅಷ್ಟೇ. ಯುಪಿಎಸ್ ಹಾಕಿಸುವವರು ಡಿವಿಆರ್‌ಗೆ ಮಾತ್ರ ಹಾಕಿಸಿ ರೂಟರನ್ನು ಮರೆಯುವುದು ನಾನು ಪದೇ ಪದೇ ಕಂಡ ತಪ್ಪು. ಕಳ್ಳನಿಗೆ ಅನುಕೂಲವಾದ ಹೊತ್ತು ಕರೆಂಟು ಹೋದ ಹೊತ್ತೇ ಆಗಿರುತ್ತದೆಯಲ್ಲ.

ಇನ್ನು ನಿಮ್ಮ ಮಗನ ಮೊಬೈಲಿನ ವಿಷಯ. ಅನೇಕ ಆ್ಯಪ್‌ಗಳಲ್ಲಿ ಯಂತ್ರವನ್ನು ಮೊದಲು ಸ್ಕ್ಯಾನ್ ಮಾಡಿದ ಖಾತೆಯೇ ಅದರ ಒಡೆಯ. ಮಗ ಅದೇ ಕೋಡನ್ನು ತನ್ನ ಖಾತೆಯಿಂದ ಸ್ಕ್ಯಾನ್ ಮಾಡಿದರೆ 'ಈ ಯಂತ್ರ ಬೇರೆ ಖಾತೆಗೆ ಸೇರಿದೆ' ಎಂಬ ಅರ್ಥದ ಸಂದೇಶ ಬರುತ್ತದೆ. ಆಗ ನಿಮ್ಮ ಆ್ಯಪ್‌ನಲ್ಲಿ ಹಂಚಿಕೊಳ್ಳುವ ಆಯ್ಕೆಯನ್ನು ತೆರೆದು ಅವನ ಖಾತೆಗೆ ಅನುಮತಿ ಕೊಡಬೇಕು. ಯಾವ ಕ್ಯಾಮೆರಾ ಕಾಣಬೇಕು, ರೆಕಾರ್ಡಿಂಗ್ ಕಾಣಬೇಕೋ ಬೇಡವೋ ಎಂಬುದನ್ನೂ ಅಲ್ಲಿ ಗೊತ್ತುಮಾಡಬಹುದು. ಅದೇ ಸಂದೇಶ ನಿಮ್ಮ ಮೊಬೈಲಿನಲ್ಲೇ ಬಂದರೆ ಎಚ್ಚರವಾಗಬೇಕು, ಏಕೆಂದರೆ ಅಳವಡಿಸಿದವರು ಯಂತ್ರವನ್ನು ತಮ್ಮ ಖಾತೆಗೇ ಸೇರಿಸಿಕೊಂಡಿದ್ದಾರೆ ಎಂದು ಅದರ ಅರ್ಥ. ದುರುದ್ದೇಶವೇ ಇರಬೇಕೆಂದಿಲ್ಲ, ದುರಸ್ತಿಗೆ ಅನುಕೂಲವೆಂದು ಮಾಡಿರುತ್ತಾರೆ. ಆದರೂ ನಿಮ್ಮ ಮನೆಯ ನಡುಮನೆ ಅವರ ಮೊಬೈಲಿನಲ್ಲಿ ಕಾಣಬೇಕಾಗಿಲ್ಲ. ಅವರಿಗೆ ಹೇಳಿ ಅವರ ಖಾತೆಯಿಂದ ತೆಗೆಸಿ, ನಿಮ್ಮದಕ್ಕೆ ಸೇರಿಸಿ, ಆಮೇಲೆ ಡಿವಿಆರ್‌ನ admin ಪಾಸ್‌ವರ್ಡನ್ನು ಬದಲಿಸಿ.

ಆ ಪಾಸ್‌ವರ್ಡ್ ಏಕೆ ಮುಖ್ಯವೆಂದರೆ, ಕ್ರಮಸಂಖ್ಯೆ ಗುಟ್ಟಿನ ವಸ್ತುವಲ್ಲ. ಅದು ಚೀಟಿಯ ಮೇಲಿದೆ, ಪೆಟ್ಟಿಗೆಯ ಮೇಲಿದೆ. ಅದು ಸಿಕ್ಕವನನ್ನು ತಡೆಯುವುದು ಖಾತೆಯ ಬೀಗ ಮತ್ತು ಪಾಸ್‌ವರ್ಡ್ ಮಾತ್ರ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ಹಾವಳಿ ಜಗತ್ತಿನಾದ್ಯಂತ ಹರಡಿದ್ದು, ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯಾಮೆರಾ ಮತ್ತು ಡಿವಿಆರ್‌ಗಳಂಥ ಯಂತ್ರಗಳ ಮೂಲಕವೇ. ಡಿವಿಆರ್‌ನ ಚೀಟಿಯ ಫೋಟೋವನ್ನು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ 'ಎಲ್ಲರೂ ಸ್ಕ್ಯಾನ್ ಮಾಡಿಕೊಳ್ಳಿ' ಎನ್ನುವುದು ಬೇಡ.

ಕೊನೆಯದಾಗಿ, ಯಾರಾದರೂ 'ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ ಹೊರಗಿನಿಂದ ಕಾಣುತ್ತದೆ' ಎಂದು ಸಲಹೆ ಕೊಟ್ಟರೆ ಒಪ್ಪಬೇಡಿ. ಅದು ಹಳೆಯ ಪದ್ಧತಿ. ಹೊರಗಿನವರು ಮನೆಯ ವಿಳಾಸಕ್ಕೆ ಬಂದು ಬಾಗಿಲು ತಟ್ಟುವಂತೆ ರೂಟರಿನಲ್ಲಿ ಒಂದು ಕಿಂಡಿ ತೆರೆಯುವುದು ಅದರ ಉಪಾಯ. ಇಂದು ಅನೇಕ ಇಂಟರ್ನೆಟ್ ಕಂಪನಿಗಳು ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿಕೊಡುತ್ತವೆ. ರೂಟರಿನ ಪುಟದಲ್ಲಿ WAN ವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾಗಿದ್ದರೆ ನಿಮ್ಮದೂ ಅಂಥ ಹಂಚಿಕೆಯ ಸಂಪರ್ಕ. ಅಲ್ಲಿ ಕಿಂಡಿ ತೆರೆದರೂ ತಟ್ಟುವವರು ಬೀದಿಯಾಚೆಯೇ ನಿಲ್ಲುತ್ತಾರೆ. ಕ್ಯೂಆರ್ ಕೋಡಿನ ಪದ್ಧತಿಗೆ ಈ ತೊಡಕಿಲ್ಲ, ಕರೆ ಒಳಗಿನಿಂದ ಹೊರಗೆ ಹೋಗುತ್ತದೆಯಾದ್ದರಿಂದ. ನಿಮ್ಮ ಡಿವಿಆರ್ Status ಎದುರಿಗೆ ಏನು ತೋರಿಸುತ್ತದೆ ಎಂಬುದನ್ನು ಇಂದು ಸಂಜೆ ನೋಡಿ. Offline ಎಂದಿದ್ದರೆ ಗೇಟ್‌ವೇಯಿಂದ ಶುರುಮಾಡಿ, Online ಎಂದಿದ್ದರೆ ಹಳೆಯ ನಮೂದನ್ನು ಅಳಿಸಿ SN ಕೋಡನ್ನು ಸ್ಕ್ಯಾನ್ ಮಾಡಿದರೆ ಸಾಕು.